ಎಲೆಯ ಅಡುಗೆ, ಆರು ಗಾಜು

ನನ್ನ ದನಿ ಹೋದದ್ದು ಎರಡನೆಯ ಇಯತ್ತೆಯ ಮಗ್ಗಿಯಿಂದ. ಹೀಗೆಂದರೆ ಜನ ನಗುತ್ತಾರೆ, ನಗಲಿ. ಹಂಸಭಾವಿಯಿಂದ ಎರಡು ಹರದಾರಿ ದೂರದ ಆ ಹಳ್ಳಿಯ ಶಾಲೆಯಲ್ಲಿ ಇದ್ದದ್ದು ಒಂದೇ ಉದ್ದನೆಯ ಪಡಸಾಲೆ, ನಡುವೆ ಗೋಡೆ ಎಂಬುದಿಲ್ಲ. ಆ ತುದಿಯಲ್ಲಿ ಎರಡನೆಯ ಇಯತ್ತೆಯ ಮಕ್ಕಳು ಮಗ್ಗಿ ಕೂಗಿದರೆ, ಈ ತುದಿಯಲ್ಲಿ ಐದನೆಯ ಇಯತ್ತೆಗೆ ಪಾಠ ಹೇಳುವ ನಾನು ಅದರ ಮೇಲೆ ಕೂಗಬೇಕು. ಆರು ವರ್ಷ ಹಾಗೆ ಕೂಗಿದೆ. ಏಕೀಕರಣವಾಗಿ ನಾಲ್ಕೈದು ವರ್ಷ ಕಳೆದಿದ್ದವು. ಒಂದು ಸೋಮವಾರ ಬೆಳಿಗ್ಗೆ ಹಾಜರಿ ಕರೆಯಲು ಬಾಯಿ ತೆರೆದರೆ ಗಾಳಿ ಬಂತು, ದನಿ ಬರಲಿಲ್ಲ.

ಹುಬ್ಬಳ್ಳಿಯ ಡಾಕ್ಟರು ಗಂಟಲಿಗೆ ಕನ್ನಡಿ ಇಳಿಸಿ ನೋಡಿ, ದನಿಯ ತಂತುಗಳ ಮೇಲೆ ಗಂಟು ಬಿದ್ದಿವೆ ಎಂದರು. ನಾಲ್ಕು ತಿಂಗಳು ಒಂದು ಮಾತೂ ಆಡಕೂಡದು, ಪಿಸುಮಾತಂತೂ ಬೇಡವೇ ಬೇಡ. ಆಮೇಲೆ ದನಿ ಬಂದರೆ ಬಂತು. ಬಾರದಿದ್ದರೆ ಏನು ಅಂತ ಕೇಳೋಣವೆಂದರೆ ಆಗಲೇ ಬಾಯಿಗೆ ಬೀಗ ಬಿದ್ದಿತ್ತು.

ಮಾತು ಬಿಟ್ಟವನಿಗೆ ಏನಾಗುತ್ತದೆ ಅಂತ ಯಾವ ಡಾಕ್ಟರೂ ಹೇಳುವುದಿಲ್ಲ. ಮೊದಲ ವಾರ ಊರೆಲ್ಲ ನನ್ನ ಹತ್ತಿರ ಕೂಗಿ ಮಾತಾಡಿತು, ನನಗೆ ಕಿವುಡು ಬಂದಿದೆಯೇನೋ ಅನ್ನುವ ಹಾಗೆ. ಚಹಾದ ಅಂಗಡಿಯವನು ಕಿವಿಯ ಹತ್ತಿರ ಬಾಯಿ ತಂದು ಸಕ್ಕರೆ ಎಷ್ಟು ಎಂದು ಒದರುತ್ತಿದ್ದ. ಎರಡನೆಯ ವಾರ ಕೈಸನ್ನೆ ಮಾಡಿದರು. ಮೂರನೆಯ ವಾರ ಅದನ್ನೂ ಬಿಟ್ಟರು. ನಾನು ಕಟ್ಟೆಯ ಮೇಲೆ ಕುಳಿತರೆ ಪಕ್ಕದವರು ನನ್ನ ತಲೆಯ ಮೇಲಿಂದ ಒಬ್ಬರಿಗೊಬ್ಬರು ಮಾತಾಡಿಕೊಳ್ಳುತ್ತಿದ್ದರು. ಪಾಟಿಯ ಮೇಲೆ ಬರೆದು ತೋರಿಸೋಣವೆಂದರೆ ಓದು ಬರುವವರು ಎಷ್ಟು ಮಂದಿ? ಮದುವೆಯ ಮಾತು ತಂದಿದ್ದ ರಟ್ಟೀಹಳ್ಳಿಯ ಮಂದಿ ಸುಮ್ಮನಾದರು. ನನಗೆ ‘ಮೂಕ ಮಾಸ್ತರ’ ಎಂಬ ಹೆಸರು ಬಿತ್ತು. ನನ್ನ ಊರು ಹುಕ್ಕೇರಿಯ ಕಡೆ, ಅಲ್ಲಿ ಅಣ್ಣನ ಸಂಸಾರ. ಇಲ್ಲಿ ಬಾಡಿಗೆಯ ಒಂದು ಕೋಣೆ, ಒಂದು ಸ್ಟೋವ್, ಒಂದು ಟ್ರಂಕು. ಸಂಜೆ ಕೋಣೆಯ ಕದ ಹಾಕಿಕೊಂಡರೆ ಮರುದಿನ ಬೆಳಗಿನ ತನಕ ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ನಿಜ ಹೇಳುತ್ತೇನೆ, ಕೆಲವು ಸಂಜೆ ಅತ್ತಿದ್ದೇನೆ. ಅಳುವುದಕ್ಕೂ ದನಿ ಬೇಕು ಎಂಬುದು ಆಗ ತಿಳಿಯಿತು.

ಉಳಿದದ್ದು ತರಗತಿ ಒಂದೇ. ನಲವತ್ತೆರಡು ಮಕ್ಕಳು. ಅವರು ಮಾತ್ರ ನನ್ನ ಮುಖ ನೋಡುತ್ತಿದ್ದರು. ಬೋರ್ಡಿನ ಮೇಲೆ ಬರೆದು ಲೆಕ್ಕ ಕಲಿಸಬಹುದು, ಶುದ್ಧಲೇಖನಕ್ಕೆ ಒಬ್ಬ ಹುಡುಗಿಯಿಂದ ಓದಿಸಬಹುದು. ಹೇಗೋ ತಿಂಗಳು ನೂಕಿದೆ. ಅಷ್ಟರಲ್ಲಿ ಹೆಡ್‌ಮಾಸ್ತರರು ಕರೆದರು. ಕೆಟ್ಟವರಲ್ಲ, ಹೆದರಿಕೆಯ ಮನುಷ್ಯ. ಆರು ವಾರಕ್ಕೆ ಇನ್‌ಸ್ಪೆಕ್ಟರ್ ಸಾಹೇಬರು ತಪಾಸಣೆಗೆ ಬರುತ್ತಾರೆ, ಐದನೆಯ ಇಯತ್ತೆಗೆ ವಿಜ್ಞಾನ ಕೇಳುತ್ತಾರೆ ಎಂದರು. ಆಮೇಲೆ ಕಿಟಕಿಯ ಕಡೆ ನೋಡುತ್ತ ಹೇಳಿದರು:

“ಮಾತಾಡಾಕ ಬರದ ಮಾಸ್ತರನ್ನ ವರ್ಗದಾಗ ಯಾಕ ಇಟ್ಕೊಂಡೀರಿ ಅಂತ ಅವರು ಬರದ್ರ, ನನ್ನ ಕೈಯಾಗ ಏನೂ ಉಳಿಯೂದಿಲ್ಲರಿ. ನಿಮ್ಮನ್ನ ಯಾವುದಾರ ಆಫೀಸಿನ್ಯಾಗ ಕುಂಡ್ರಸ್ತಾರ.”

ಪಗಾರ ನಿಲ್ಲುವುದಿಲ್ಲ, ಅದು ಗೊತ್ತಿತ್ತು. ಮಕ್ಕಳು ಕೈಬಿಟ್ಟು ಹೋಗುತ್ತಾರೆ, ಅದೂ ಗೊತ್ತಿತ್ತು.

ವಿಜ್ಞಾನದಲ್ಲಿ ಬಾಕಿ ಇದ್ದ ಪಾಠ ದ್ಯುತಿಸಂಶ್ಲೇಷಣೆ. ಹೆಸರೇ ಬಾಯಿ ತುಂಬುವಷ್ಟಿದೆ. ದನಿ ಇದ್ದಾಗಲೇ ನಾನು ಅದನ್ನು ಕೆಟ್ಟದಾಗಿ ಕಲಿಸುತ್ತಿದ್ದೆ. ಪುಸ್ತಕದ ವ್ಯಾಖ್ಯೆ ಬರೆಸಿ, ಬಾಯಿಪಾಠ ಮಾಡಿಸಿ, ಮುಗಿಸುತ್ತಿದ್ದೆ. ಒಕ್ಕಲಿಗರ ಮಕ್ಕಳು ವ್ಯಾಖ್ಯೆ ಒಪ್ಪಿಸಿ ಮನೆಗೆ ಹೋಗಿ, ಗಿಡ ಮಣ್ಣು ತಿಂದು ಬೆಳೆಯುತ್ತದೆ ಎಂದೇ ನಂಬಿಕೊಂಡಿರುತ್ತಿದ್ದರು.

ಶಾಲೆಯ ಕಪಾಟಿನಲ್ಲಿ ಒಂದು ಮ್ಯಾಜಿಕ್ ಲ್ಯಾಂಟರ್ನ್ ಬಿದ್ದಿತ್ತು. ಹಿಂದೆ ಆರೋಗ್ಯ ಇಲಾಖೆಯವರು ಪ್ಲೇಗಿನ ಚಿತ್ರ ತೋರಿಸಲು ತಂದು ಮರೆತು ಹೋದದ್ದು. ಕರಿಯ ತಗಡಿನ ಡಬ್ಬಿ, ಮುಂದೆ ಹಿತ್ತಾಳೆಯ ಕೊಳವೆಯಲ್ಲಿ ಒಂದು ಮಸೂರ, ಒಳಗೆ ಇನ್ನೊಂದು ದಪ್ಪ ಮಸೂರ. ಗಾಜಿನ ಮೇಲೆ ಚಿತ್ರ ಬರೆದು ನಡುವೆ ತೂರಿಸಿದರೆ ಗೋಡೆಯ ಮೇಲೆ ಆಳೆತ್ತರ ಕಾಣುತ್ತದೆ. ದೀಪದ ಭಾಗ ತುಕ್ಕು ತಿಂದು ಉದುರಿತ್ತು, ಹಳ್ಳಿಗೆ ಕರೆಂಟು ಬಂದಿರಲಿಲ್ಲ. ಆದರೆ ಬಿಸಿಲಿಗೇನು ಬರವೇ? ಶಾಲೆಯ ಹಿಂದಿನ ಹಳೆಯ ಚಾವಡಿಗೆ ಪೂರ್ವಕ್ಕೆ ಒಂದೇ ಕಿಟಕಿ. ಅದಕ್ಕೆ ಹಲಗೆ ಬಡಿದು, ಹಲಗೆಗೆ ತೂತು ಕೊರೆದು, ಹೊರಗೆ ಕನ್ನಡಿ ಹಿಡಿದು ಬೆಳಗಿನ ಬಿಸಿಲನ್ನು ಒಳಗೆ ಹೊಡೆದರೆ ಸಾಕು. ಸೂರ್ಯ ಸರಿದ ಹಾಗೆ ಕನ್ನಡಿ ತಿರುಗಿಸುವ ಕೆಲಸವನ್ನು ಶಾಲೆಯ ಮುದಿ ಸಿಪಾಯಿ ವಹಿಸಿಕೊಂಡ. ಬಾಗಿಲಿಗೆ ಕಂಬಳಿ ಮಕ್ಕಳೇ ತಂದರು.

ಮೊದಲ ಗಾಜಿಗೆ ಚಿತ್ರಕಲೆಯ ಡಬ್ಬಿಯಲ್ಲಿದ್ದ ಹಸಿರು ಬಣ್ಣ ಬಳಿದೆ, ಎಲೆ ಬಲು ಚೆನ್ನಾಗಿ ಬಂತು. ಗೋಡೆಯ ಮೇಲೆ ನೋಡಿದರೆ ಕರ್ರಗೆ ಬಾವಲಿಯ ಹಾಗೆ ನೇತಾಡುತ್ತಿತ್ತು. ಬೆಳಕು ದಾಟದ ಬಣ್ಣ ಎಷ್ಟು ಚೆಂದವಿದ್ದರೂ ಗೋಡೆಗೆ ಕಪ್ಪೇ. ನನ್ನ ಮುಖ ಇಂಗು ತಿಂದ ಮಂಗನಂತಾಯಿತು.

ರವಿವಾರ ಬಸ್ಸು ಹಿಡಿದು ಸವಣೂರಿಗೆ ಹೋದೆ. ಅಲ್ಲಿ ಒಬ್ಬ ಫೋಟೋದ ಸಾಹೇಬರಿದ್ದರು, ಕರಿಯ ಬಟ್ಟೆ ಹೊದ್ದು ಫೋಟೋ ತೆಗೆಯುವ ಹಳೆಯ ಕಾಲದವರು. ಬರೆದುಕೊಂಡು ಹೋಗಿದ್ದ ಚೀಟಿ ಕೊಟ್ಟೆ. ಅವರು ಚೀಟಿ ಓದಿ, ನನ್ನ ಹಾಗೆಯೇ ಬಾಯಿ ಮುಚ್ಚಿಕೊಂಡು, ಚೀಟಿಯ ಬೆನ್ನಿಗೆ ಉತ್ತರ ಬರೆಯತೊಡಗಿದರು. ಅರ್ಧ ತಾಸು ಇಬ್ಬರೂ ಒಂದೂ ಮಾತಿಲ್ಲದೆ ಹರಟೆ ಹೊಡೆದೆವು. ಆ ತಿಂಗಳಲ್ಲಿ ನಾನು ನಕ್ಕದ್ದು ಅಂದೇ. ಅವಧಿ ಮೀರಿ ಕೆಟ್ಟ ಒಂದಿಷ್ಟು ಗಾಜಿನ ಫೋಟೋ ಪ್ಲೇಟುಗಳನ್ನು ಫೋಟೋ ತೊಳೆಯುವ ಹೈಪೋ ನೀರಿನಲ್ಲಿ ಮುಳುಗಿಸಿ, ತೊಳೆದು, ಒಣಗಿಸಿ ಕೊಟ್ಟರು. ಪ್ಲೇಟಿನ ಮಬ್ಬು ಕರಗಿ ತಿಳಿಗಾಜಾಯಿತು, ಅದರ ಮೇಲಿನ ತೆಳ್ಳನೆಯ ಸರೇಸಿನ, ಅಂದರೆ ಅಂಟಿನ, ಪದರು ಉಳಿಯಿತು. ಆ ಪದರು ನೀರುಬಣ್ಣವನ್ನು ಹೀರಿಕೊಳ್ಳುತ್ತದೆ, ಬೆಳಕನ್ನು ತಡೆಯುವುದಿಲ್ಲ. ಫೋಟೋಗಳಿಗೆ ಕೆನ್ನೆಯ ಕೆಂಪು ಹಚ್ಚುವ ಬಣ್ಣದ ಸೀಸೆಗಳನ್ನೂ ಕೊಟ್ಟು, ಗಾಜನ್ನು ಲ್ಯಾಂಟರ್ನಿನ ಅಳತೆಗೆ ವಜ್ರದ ಮೊನೆಯಿಂದ ಕೊಯ್ದರು.

ಆರು ಗಾಜು ಎಂದು ಗೊತ್ತು ಮಾಡಿಕೊಂಡೆ. ಮೊದಲು ಒಂದೊಂದರ ಕೆಳಗೂ ಎರಡೆರಡು ಸಾಲು ಬರೆಯುತ್ತಿದ್ದೆ. ಬರೆದದ್ದನ್ನು ಯಾರು ಓದಿ ಹೇಳಬೇಕು? ನಾನಂತೂ ಅಲ್ಲ. ಮಕ್ಕಳು ಸಾಲು ಓದುತ್ತ ಕುಳಿತರೆ ಚಿತ್ರ ನೋಡುವುದಿಲ್ಲ. ಅಳಿಸುತ್ತ ಬಂದೆ. ಗಾಜಿಗೆ ಒಂದೇ ಶಬ್ದ ಉಳಿಯಿತು. ಶಬ್ದವನ್ನೂ ಓದಲಾರದವನಿಗೆ ತಿಳಿಯಬೇಕು ಎಂದು ಸಿಪಾಯಿಯನ್ನು ಗೋಡೆಯ ಮುಂದೆ ಕೂರಿಸಿದೆ. ಆ ಹೊತ್ತು ಕನ್ನಡಿ ನಾನೇ ಹಿಡಿದೆ. ಸೂರ್ಯನಿಂದ ಎಲೆಗೆ ಬೆಳಕು ಬರುವುದನ್ನು ಪುಸ್ತಕದಲ್ಲಿದ್ದಂತೆ ಬಾಣದ ಗುರುತು ಹಾಕಿ ತೋರಿಸಿದ್ದೆ. ಅವನು ಬಹಳ ಹೊತ್ತು ನೋಡಿ ಮರುಕದಿಂದ ಹೇಳಿದ:

“ಪಾಪ, ಸೂರ್ಯಪ್ಪ ಯಾಕರಿ ಆ ಎಲಿಗೆ ಬಾಣ ಹೊಡ್ಯಾಕತ್ತಾನ? ಅದು ಏನ್ ಮಾಡಿತ್ರಿ ಅವಗ?”

ತಲೆ ತಲೆ ಬಡಿದುಕೊಂಡೆ. ಆದರೆ ತಪ್ಪು ಅವನದಲ್ಲ. ಬಾಣ ಎಂದರೆ ಕೊಲ್ಲುವುದು ಎಂದು ಬಯಲಾಟ ನೋಡಿದವರಿಗೆಲ್ಲ ಗೊತ್ತು. ‘ಇತ್ತ ನೋಡು’ ಎನ್ನುವ ಗುರುತು ಅದು ಎಂಬುದು ಪುಸ್ತಕ ನೋಡಿದವರಿಗೆ ಮಾತ್ರ. ಬಾಣಗಳನ್ನೆಲ್ಲ ತೊಳೆದು ಹಾಕಿದೆ. ಬೆಳಕಿಗೆ ಹಳದಿ ಪಟ್ಟೆ, ನೀರಿಗೆ ಬೇರಿನಿಂದ ಏರುವ ನೀಲಿ ಹನಿಗಳು, ಗಾಳಿಗೆ ಚುಕ್ಕೆಗಳು. ಕೊನೆಗೆ ಆರು ಗಾಜು ಹೀಗೆ ನಿಂತವು: ದಾಸವಾಳದ ಇಡೀ ಗಿಡ, ಅದಕ್ಕೆ ‘ಗಿಡ’. ಬೇರಿನಿಂದ ಎಲೆಯವರೆಗೆ ಏರುವ ಹನಿ, ‘ನೀರು’. ಎಲೆಯ ಬೆನ್ನಿನ ಸಣ್ಣ ಬಾಯಿಗಳು ತೆರೆದು ಚುಕ್ಕೆಗಳನ್ನು ಒಳಗೆ ಎಳೆದುಕೊಳ್ಳುವುದು, ‘ಗಾಳಿ’. ಎಲೆಯ ಒಳಗಿನ ಹಸಿರು ಕಣಗಳ ಮೇಲೆ ಹಳದಿ ಪಟ್ಟೆ, ‘ಬಿಸಿಲು’. ಆ ಕಣಗಳಿಂದ ಹುಟ್ಟಿದ ಬಿಳಿ ಹರಳುಗಳು ಕಾಂಡಕ್ಕೆ, ಬೇರಿಗೆ, ಮೊಗ್ಗಿಗೆ ಹೋಗುವುದು, ‘ಸಕ್ಕರೆ’. ಆರನೆಯದರಲ್ಲಿ ಎಲೆಯಿಂದ ಹೊರಬಿದ್ದ ಗುಳ್ಳೆಗಳನ್ನು ಉಸಿರಾಡುವ ಒಂದು ಹುಡುಗಿ. ಅದಕ್ಕೆ ‘ಪ್ರಾಣವಾಯು’ ಎಂದು ಬರೆದು, ಉದ್ದವಾಯಿತೆಂದು ಅಳಿಸಿದೆ. ಅದಕ್ಕೆ ಶಬ್ದವೇ ಇಲ್ಲ.

ಕತ್ತಲೆಯ ಕೋಣೆಯಲ್ಲಿ ನಲವತ್ತೆರಡು ಮಕ್ಕಳನ್ನು ದನಿಯಿಲ್ಲದವನು ಹಿಡಿತದಲ್ಲಿ ಇಡುವುದು ಹೇಗೆ? ರೂಲುಕಟ್ಟಿಗೆಯಿಂದ ಒಂದು ಪದ್ಧತಿ ಮಾಡಿದೆ. ಒಂದು ಸಲ ಬಡಿದರೆ ಸುಮ್ಮನೆ ನೋಡಬೇಕು. ಎರಡು ಸಲ ಬಡಿದರೆ ಎಲ್ಲರೂ ಹೇಳಬೇಕು. ಬಡಿಯದೆ ಯಾರೂ ಬಾಯಿ ಬಿಡುವ ಹಾಗಿಲ್ಲ. ಮೂರು ದಿನದಲ್ಲಿ ಮಕ್ಕಳು ಅದನ್ನು ಆಟದ ಹಾಗೆ ಹಿಡಿದರು.

ಪಾಠ ನಡೆಯಿತು. ಗಾಜನ್ನು ತಲೆಕೆಳಗಾಗಿ ತೂರಿಸುತ್ತಿದ್ದೆ, ಗೋಡೆಯ ಮೇಲೆ ನೆಟ್ಟಗೆ ನಿಲ್ಲುತ್ತಿತ್ತು. ಎರಡು ಸಲ ಬಡಿದಾಗ ಅವರು ಕಂಡದ್ದನ್ನು ತಮ್ಮ ಮಾತಿನಲ್ಲೇ ಹೇಳುತ್ತಿದ್ದರು: ಎಲಿ ಅಡಿಗಿ ಮಾಡತೈತಿ, ಬಿಸಲ ಅದರ ಒಲಿ, ಕಟಗಿ ಬ್ಯಾಡ. ನಾನು ಬರೆಯದ ಮಾತು, ನಾನು ಆಡದ ಮಾತು. ಒಂದು ಬೆಳಿಗ್ಗೆ ಮೋಡ ಬಂದು ಗೋಡೆಯ ಚಿತ್ರ ಮಾಯವಾಯಿತು. ಕತ್ತಲೆಯಲ್ಲಿ ಒಬ್ಬ ಹುಡುಗ ಪದ್ಧತಿ ಮುರಿದು, ಗಿಡಕ್ಕೂ ಈಗ ಉಪವಾಸ ಎಂದ. ಪೂರ್ತಿ ಉಪವಾಸ ಅಲ್ಲಪ್ಪ, ಮೋಡದ ಬೆಳಕಿನಲ್ಲೂ ಅಷ್ಟಿಷ್ಟು ಬೇಯುತ್ತದೆ ಎಂದು ಹೇಳಬೇಕೆನಿಸಿತು. ನುಂಗಿಕೊಂಡೆ.

ಚಿತ್ರವಷ್ಟೇ ಸಾಲದೆಂದು ಖರೆ ಎಲೆಯನ್ನೂ ತೋರಿಸಿದೆ. ದಾಸವಾಳದ ಕುಂಡವನ್ನು ಎರಡು ದಿನ ಕತ್ತಲೆಯಲ್ಲಿಟ್ಟು, ಒಂದು ಎಲೆಯ ನಡುವೆ ಕರಿಯ ಕಾಗದದ ಪಟ್ಟಿ ಸಿಕ್ಕಿಸಿ, ಮರುದಿನ ಇಡೀ ಹಗಲು ಬಿಸಿಲಿಗೆ ಇಟ್ಟೆವು. ಸಂಜೆ ಎಲೆ ಕಿತ್ತು ಬಿಸಿನೀರಿನಲ್ಲಿ ಬಾಡಿಸಿ, ಸ್ಪಿರಿಟ್ಟಿನ ಬಟ್ಟಲಿಗೆ ಹಾಕಿ, ಆ ಬಟ್ಟಲನ್ನು ಒಲೆಯಿಂದ ಇಳಿಸಿದ ಕುದಿನೀರಿನ ಪಾತ್ರೆಯೊಳಗೆ ಇಟ್ಟೆ. ಸ್ಪಿರಿಟ್ಟನ್ನು ಬೆಂಕಿಯ ಹತ್ತಿರ ತಂದರೆ ಚಾವಡಿಯೇ ಹೋದೀತು. ಎಲೆ ಹಸಿರು ಬಿಟ್ಟು ಬೆಳ್ಳಗಾದ ಮೇಲೆ ತೊಳೆದು ದವಾಖಾನೆಯ ಅಯೋಡಿನ್ ಹನಿಸಿದೆ. ಬಿಸಿಲು ಬಿದ್ದ ಭಾಗ ಕಪ್ಪು ನೀಲಿಯಾಯಿತು, ಕಾಗದ ಮುಚ್ಚಿದ ಪಟ್ಟಿ ಹಾಗೇ ಪೇಲವ ಉಳಿಯಿತು. ಎಲೆಯ ಸಕ್ಕರೆ ಪಿಷ್ಟವಾಗಿ ಅಲ್ಲೇ ಕೂತಿದ್ದರೆ ಅಯೋಡಿನ್ ಬಣ್ಣ ತಿರುಗುತ್ತದೆ, ಬೇಯದ ಕಡೆ ತಿರುಗುವುದಿಲ್ಲ. ಎರಡು ಸಲ ಬಡಿದೆ. ಕಾಗದದ ಕೆಳಗ ಅಡಿಗಿ ಆಗಿಲ್ಲ ಎಂದು ನಲವತ್ತೆರಡೂ ಬಾಯಿ ಕೂಗಿದವು. ಆ ಸಂಜೆ ಕೋಣೆಗೆ ಹೋಗುವಾಗ ಮೈ ಹಗುರಾಗಿತ್ತು.

ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ಕೋಟು, ರುಮಾಲು, ಕಡಿಮೆ ಮಾತಿನ ಮನುಷ್ಯ. ಬೆಳಗಿನ ಬಿಸಿಲು ಚೆನ್ನಾಗಿತ್ತು. ಆರೂ ಗಾಜು ಒಂದಾದ ಮೇಲೊಂದು ತೋರಿಸಿದೆ, ಒಂದೊಂದಕ್ಕೂ ಒಂದೊಂದು ಬಡಿತ. ಮುಗಿದ ಮೇಲೆ ಸಾಹೇಬರು ಎದ್ದು ನಿಂತು ಮಕ್ಕಳನ್ನು ಕೇಳಿದರು, ಗಿಡ ತನ್ನ ಊಟವನ್ನು ಎಲ್ಲಿ ತಯಾರಿಸುತ್ತದೆ? ಯಾರೂ ಉಸಿರೆತ್ತಲಿಲ್ಲ. ಇನ್ನೊಮ್ಮೆ ಕೇಳಿದರು. ಒಬ್ಬ ಹುಡುಗಿಯ ಹತ್ತಿರ ಹೋಗಿ ಕೇಳಿದರು. ಅವಳು ತುಟಿ ಒತ್ತಿಕೊಂಡು ನನ್ನ ಕಡೆ ನೋಡಿದಳು. ಹೆಡ್‌ಮಾಸ್ತರರು ಬೆವರೊರೆಸಿಕೊಂಡರು. ಸಾಹೇಬರು ಪೆನ್ನಿನ ಟೊಪ್ಪಿಗೆ ತೆಗೆದು ವಹಿಯಲ್ಲಿ ಬರೆಯತೊಡಗಿದರು.

ನನಗೂ ಹೊಳೆಯಲಿಲ್ಲ, ಅದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಮಕ್ಕಳೆಲ್ಲ ಮರೆತರು, ನಾನು ಕೆಟ್ಟೆ ಎಂದೇ ನಿಂತಿದ್ದೆ. ಆ ಹುಡುಗಿ ನನ್ನ ಮುಖ ನೋಡುತ್ತಿರಲಿಲ್ಲ, ಕೈಯಲ್ಲಿದ್ದ ರೂಲುಕಟ್ಟಿಗೆ ನೋಡುತ್ತಿದ್ದಳು. ಆಗ ಹೊಳೆಯಿತು, ಬಡಿಯದೆ ಬಾಯಿ ಬಿಡಬಾರದೆಂದು ಕಲಿಸಿದವನು ನಾನೇ. ಎರಡು ಸಲ ಬಡಿದೆ.

ಕಟ್ಟೆ ಒಡೆದ ಹಾಗಾಯಿತು. ಎಲೆಯಲ್ಲಿ ಎಂದರು ಮಕ್ಕಳೆಲ್ಲ. ಸಾಹೇಬರು ಬೆಚ್ಚಿ ತಿರುಗಿದರು. ಮಣ್ಣು ತಿನ್ನುವುದಿಲ್ಲವೇ ಎಂದು ಕೇಳಿದರು, ನಾನು ಬಡಿದೆ, ತಿನ್ನುವುದಿಲ್ಲ, ಮಣ್ಣಿನಿಂದ ನೀರು, ನೀರಿನಲ್ಲಿ ಕರಗಿದ ಚೂರು ಉಪ್ಪು, ಅಷ್ಟೇ ಎಂದರು. ಕೇಳಿದರು, ಬಡಿದೆ, ಹೇಳಿದರು. ಕಾಲು ತಾಸು ಹಾಗೆ ನಡೆಯಿತು. ಕೊನೆಗೆ ಸಾಹೇಬರು ವಹಿಯಲ್ಲಿ ಬರೆದದ್ದನ್ನು ಹೊಡೆದು ಹಾಕಿ ನನ್ನ ಹತ್ತಿರ ಬಂದರು. ಬೆನ್ನು ತಟ್ಟಿದರು. ಗಾಜುಗಳನ್ನು ಒಂದೊಂದಾಗಿ ಕಂಬಳಿಯ ಸಂದಿಯ ಬೆಳಕಿಗೆ ಹಿಡಿದು ನೋಡಿದರು.

“ಒಂದ ಮಾತೂ ಆಡಲಿಲ್ಲ ನೀವು. ಅಂದ್ರ ಇವನ್ನ ಯಾವ ಮಾಸ್ತರನ ಕೈಯಾಗ ಕೊಟ್ರೂ ಪಾಠ ನಡೀತೈತಿ, ಹೌದಿಲ್ಲರಿ?”

ನಾನು ಹೆಮ್ಮೆಯಿಂದ ಹೌದೆಂದು ತಲೆ ಹಾಕಿದೆ. ಮೂರ್ಖ ನಾನು.

ಮೂರು ವಾರಕ್ಕೆ ಹುಕುಂ ಬಂತು. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಶಾಲೆಗಳಿಗೆ ಇಂಥ ಗಾಜುಗಳನ್ನು ತಯಾರಿಸಿ ಕೊಡಲು ನನ್ನನ್ನು ನೇಮಿಸಲಾಗಿದೆ, ಶಿಗ್ಗಾಂವಿಯಲ್ಲಿ ಒಂದು ಕೋಣೆ ಕೊಡಲಾಗಿದೆ. ಹೆಡ್‌ಮಾಸ್ತರರು ಪೇಢೆ ಹಂಚಿದರು. ಅವರ ಪ್ರಕಾರ ಅದು ಬಡ್ತಿ. ನಾನು ಪಾಟಿಯ ಮೇಲೆ ‘ನನಗೆ ಬೇಡ’ ಎಂದು ಬರೆದು ತೋರಿಸಿದೆ. ಅವರು ಅದನ್ನು ತಮ್ಮ ತೋಳಿನಿಂದ ಒರೆಸಿ, ಸರಕಾರಿ ಹುಕುಮಿಗೆ ಹಾಗೆನ್ನಬಾರದು ಎಂದು ಮೆಲ್ಲಗೆ ಹೇಳಿದರು.

ಕಡೆಯ ದಿನ ಮಕ್ಕಳು ಸಾಲಾಗಿ ಕುಳಿತಿದ್ದರು. ನನಗೆ ಅವರ ದನಿ ಕೇಳಬೇಕಿತ್ತು, ಏನಾದರೂ ಸರಿ. ಎರಡು ಸಲ ಬಡಿದೆ. ಪ್ರಶ್ನೆಯೇ ಇರಲಿಲ್ಲವಲ್ಲ; ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಸುಮ್ಮನೆ ಕುಳಿತರು. ನಾನು ರೂಲುಕಟ್ಟಿಗೆಯನ್ನು ಮೇಜಿನ ಮೇಲಿಟ್ಟು ಬಂದೆ.

ಶಿಗ್ಗಾಂವಿಯ ಕೋಣೆಗೆ ಕರೆಂಟು ಇತ್ತು, ಮೇಜು ಇತ್ತು, ಮಕ್ಕಳಿರಲಿಲ್ಲ. ಎಲೆಯ ಪಾಠದ ಗಾಜುಗಳನ್ನು ಎಷ್ಟು ಜೊತೆ ಬರೆದೆನೋ. ಆರನೆಯ ಗಾಜಿನ ಹುಡುಗಿಯ ಮುಖವನ್ನು ದಿನಕ್ಕೆ ಎರಡು ಸಲ ಬರೆಯುತ್ತಿದ್ದೆ, ಅದೊಂದೇ ನಾನು ದಿನಾ ನೋಡುತ್ತಿದ್ದ ಮಗುವಿನ ಮುಖ. ನಾಲ್ಕು ತಿಂಗಳು ತುಂಬಿದ ಮೇಲೆ ಡಾಕ್ಟರು ಮಾತಾಡಬಹುದೆಂದರು. ದನಿ ಬಂತು, ಒರಟಾಗಿ, ಸಣ್ಣಗೆ. ಕೋಣೆಗೆ ಬಂದು ಕದ ಹಾಕಿ ಒಂದಿಷ್ಟು ಮಾತಾಡಿದೆ. ಕೇಳುವವರಿಲ್ಲದ ಮೇಲೆ ಎಷ್ಟೆಂದು ಆಡುವುದು? ವರ್ಗಕ್ಕೆ ವಾಪಸು ಕಳಿಸಿ ಎಂದು ಅರ್ಜಿ ಹಾಕಿದೆ. ಕೆಲಸ ಬಹಳ ಉಪಯುಕ್ತವಾಗಿದೆ, ಮುಂದುವರಿಸುವುದು ಎಂದು ಉತ್ತರ ಬಂತು.

ಮುಂದಿನ ವರ್ಷ ಹಾನಗಲ್ಲಿನ ಒಂದು ಶಾಲೆಗೆ ಗಾಜು ಮುಟ್ಟಿಸಲು ಹೋದೆ. ಅಲ್ಲಿ ಪಾಠ ಹೇಳುವ ಅಕ್ಕೋರು ಲ್ಯಾಂಟರ್ನ್ ತಮಗೆ ಹೊಸದು, ನೀವೇ ಗಾಜು ಬದಲಿಸಿ ಕೊಡಿರಿ ಎಂದರು. ನಾನು ಹಿಂದೆ ನಿಂತು ಬದಲಿಸಿದೆ. ಅಕ್ಕೋರು ಚೆನ್ನಾಗಿ ಕಲಿಸಿದರು, ಮಾತು ಕಡಿಮೆ, ಮಕ್ಕಳಿಗೆ ನೋಡಲು ಸಮಯ ಕೊಟ್ಟರು. ನನಗೆ ಹೊಟ್ಟೆ ಉರಿಯಿತು. ನಾಲ್ಕನೆಯ ಗಾಜು ಗೋಡೆಯ ಮೇಲಿದ್ದಾಗ ಮುಂದೆ ಕುಳಿತ ಒಬ್ಬ ಹುಡುಗಿ ಎದ್ದು ಕೇಳಿದಳು:

“ಅಕ್ಕೋರ, ರಾತ್ರಿ ಬಿಸಲ ಇರೂದಿಲ್ಲಲ್ಲರಿ, ಆಗ ಗಿಡಾ ಏನ್ ಉಣ್ಣತೈತ್ರಿ?”

ಅಕ್ಕೋರು ಗೋಡೆಯ ಚಿತ್ರದ ಕಡೆ ನೋಡಿದರು. ಅದಕ್ಕೆ ಉತ್ತರ ಆ ಗಾಜಿನಲ್ಲಿ ಇರಲಿಲ್ಲ. ಆರು ಗಾಜಿನಲ್ಲಿ ಎಲ್ಲೂ ಇರಲಿಲ್ಲ, ನಾನು ಬಿಟ್ಟಿದ್ದೆ. ಎಷ್ಟು ತಿಂಗಳಿನಿಂದ ಒಂದು ಮಗು ಒಂದು ಪ್ರಶ್ನೆ ಕೇಳಲಿ ಎಂದು ಕಾದಿದ್ದವನು ನಾನು. ಹಗಲು ಮಾಡಿಟ್ಟ ಅಡಿಗಿ ರಾತ್ರಿ ಉಣ್ಣತೈತವ್ವಾ, ಎಲ್ಲಾ ಒಮ್ಮಿಗೆ ತಿಂದು ಮುಗಸೂದಿಲ್ಲ, ಪಿಷ್ಟ ಮಾಡಿ ಕೂಡಿ ಇಟ್ಟಿರತೈತಿ ಎಂದು ಹಿಂದಿನಿಂದ ಹೇಳಿದೆ. ನನ್ನ ಒರಟು ದನಿ ಕತ್ತಲೆಯ ಕೋಣೆಯ ತುದಿಗೆ ಮುಟ್ಟಿತು.

ಹುಡುಗಿ ನನ್ನ ಕಡೆ ತಿರುಗಲಿಲ್ಲ. ಅಕ್ಕೋರ ಮುಖವನ್ನೇ ನೋಡುತ್ತ ನಿಂತಳು. ಅಕ್ಕೋರು ಹೌದು ಎಂದು ತಲೆ ಹಾಕಿದ ಮೇಲೆಯೇ ಅವಳಿಗೆ ಸಮಾಧಾನವಾಯಿತು, ಕುಳಿತಳು. ಮಗು ಮಾಡಿದ್ದು ಸರಿಯಾಗಿಯೇ ಇತ್ತು. ದಿನಾ ಎದುರಿಗೆ ನಿಲ್ಲುವವರು ಹೇಳಿದರೆ ಅದು ಖರೆ. ನಾನು ಗಾಜು ತಂದವನು. ಮುಂದಿನದು ಹಾಕ್ರಿ ಎಂದು ಅಕ್ಕೋರು ಹೇಳಿದರು, ನಾನು ಐದನೆಯ ಗಾಜು ಹಾಕಿದೆ.